ಮೂರು ಬಾಯ್ಲರ್‌ಗೆ ಒಂದೇ ಚಿಮಣಿ: ನಿಂತ ಬಾಯ್ಲರ್‌ನಿಂದ ಹೊಗೆ ವಾಪಸ್ ಬರುವುದೇಕೆ?

ಪ್ರಶ್ನೆ: ಸರ್, ವೈಟ್‌ಫೀಲ್ಡ್ ಕಡೆಯ ಒಂದು ಹೋಟೆಲಿನಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಮೊದಲ ಬೇಸ್‌ಮೆಂಟಿನಲ್ಲಿ ಬಿಸಿನೀರಿನ ಮೂರು ಬಾಯ್ಲರ್ ಇವೆ. ಇಂಧನ ಪಿಎನ್‌ಜಿ, ಫ್ಯಾನ್ ಇರುವ ಬರ್ನರ್, ತಲಾ ಇನ್‌ಪುಟ್ ಗಂಟೆಗೆ 3 ಲಕ್ಷ ಕಿಲೊಕ್ಯಾಲರಿ. ಮೂರರ ಹೊಗೆಯೂ ಹೆಡರ್ ಎಂಬ ಒಂದೇ ಅಡ್ಡ ಕೊಳವೆ ಸೇರಿ 600 ಎಂಎಂ ವ್ಯಾಸದ, 24 ಮೀಟರ್ ಎತ್ತರದ ಎಂಎಸ್ ಉಕ್ಕಿನ ಚಿಮಣಿಗೆ ಹೋಗುತ್ತದೆ. ಇನ್ಸುಲೇಶನ್ ಇಲ್ಲ. ಗಾಳಿ ಬರುವುದು ಪಕ್ಕದ ಲಾಂಡ್ರಿ ಗೋಡೆಯ ಗ್ರಿಲ್‌ನಿಂದ. ಒಂದೇ ಬಾಯ್ಲರ್ ಓಡುವ ಮಧ್ಯಾಹ್ನದ ಹೊತ್ತು ಸಿಒ ಎಂಬ ವಿಷಾನಿಲದ ಅಲಾರಂ ಹೊಡೆಯುತ್ತದೆ, ಹೆಡರ್‌ನಿಂದ ನೀರು ತೊಟ್ಟಿಕ್ಕುತ್ತದೆ, ಬೆಳಗ್ಗೆ ಮೊದಲ ಬಾಯ್ಲರ್ ಹೊತ್ತುವಾಗ ಧಬ್ ಎನ್ನುತ್ತದೆ. ಡ್ರೈಯರ್‌ಗಳು ಓಡುವಾಗ ಬಾಯ್ಲರ್ ರೂಮಿನ ಒತ್ತಡ ಹೊರಗಿಗಿಂತ 28 ಪ್ಯಾಸ್ಕಲ್ ಕಡಿಮೆ ಇದೆ ಎಂದು ಸರ್ವಿಸ್‌ನವರು ಅಳೆದು ಹೇಳಿದರು. ಕೈಪಿಡಿಯ ಪ್ರಕಾರ ಬಾಯ್ಲರ್ ಹೊಗೆಬಾಯಲ್ಲಿ ಡ್ರಾಫ್ಟ್ 5ರಿಂದ 20 ಪ್ಯಾಸ್ಕಲ್ ಇರಬೇಕು. ಒಬ್ಬ ಕಾಂಟ್ರಾಕ್ಟರ್ ರೂಮಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಚಿಮಣಿಯನ್ನು 750 ಎಂಎಂ ಮಾಡಿ ಎನ್ನುತ್ತಾರೆ, ಮೂರನೆಯವರು ಚಿಮಣಿ ಬುಡದಲ್ಲಿ ಹೊಗೆ ಎಳೆದು ಮೇಲಕ್ಕೆ ತಳ್ಳುವ ಐಡಿ ಫ್ಯಾನ್ ಕೂರಿಸಿ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೂವರ ಮಾತೂ ಬೇಡ. ಮೊದಲನೆಯದು ಅಪಾಯಕಾರಿ, ಎರಡನೆಯದು ಈಗಿರುವ ತೊಂದರೆಯನ್ನೇ ಹೆಚ್ಚಿಸುತ್ತದೆ, ಮೂರನೆಯದರಲ್ಲಿ ಫ್ಯಾನ್ ಕೂರಿಸುವ ಜಾಗವೇ ತಪ್ಪು. ಆದರೆ ಅದಕ್ಕೂ ಮೊದಲು ಇವತ್ತೇ ಆಗಬೇಕಾದ ಕೆಲಸ ಒಂದಿದೆ. ಹೊಸ ಗಾಳಿ ದಾರಿ ಆಗುವವರೆಗೆ ಡ್ರೈಯರ್‌ಗಳು ಓಡುವ ಹೊತ್ತಿನಲ್ಲಿ ಬಾಯ್ಲರ್ ಓಡಿಸಬೇಡಿ. ಬೆಳಗ್ಗೆಯೇ ಟ್ಯಾಂಕ್ ಕಾಯಿಸಿಟ್ಟುಕೊಂಡು ಡ್ರೈಯರ್ ಪಾಳಿಯನ್ನು ಆಮೇಲೆ ಶುರು ಮಾಡಿಸಿ. ಅಲಾರಂ ಸುಳ್ಳು ಹೊಡೆಯುತ್ತಿದೆ ಎಂದು ಯಾರಾದರೂ ಅದರ ವೈರ್ ಬಿಚ್ಚಿದ್ದರೆ ತಕ್ಷಣ ಮತ್ತೆ ಹಾಕಿಸಿ. ನೀವು ಕೊಟ್ಟ ಅಂಕಿಗಳನ್ನು ನೋಡಿದರೆ ಅದು ನಿಜವನ್ನೇ ಹೇಳುತ್ತಿದೆ.

ಆ 28 ಪ್ಯಾಸ್ಕಲ್‌ನಿಂದಲೇ ಶುರು ಮಾಡೋಣ, ಇಡೀ ಕಥೆ ಅಲ್ಲೇ ಇದೆ. ಚಿಮಣಿ ತಾನಾಗಿ ಎಳೆಯುವುದಿಲ್ಲ. ಒಳಗಿನ ಬಿಸಿ ಹೊಗೆ ಹಗುರ, ಹೊರಗಿನ ಗಾಳಿ ಭಾರ. ಆ ವ್ಯತ್ಯಾಸವನ್ನು ಚಿಮಣಿಯ ಎತ್ತರದಿಂದಲೂ 9.81ರಿಂದಲೂ ಗುಣಿಸಿದರೆ ಬರುವುದೇ ಡ್ರಾಫ್ಟ್. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ವಾಯುಭಾರ ಸುಮಾರು 910 ಹೆಕ್ಟೊಪ್ಯಾಸ್ಕಲ್. ಹಾಗಾಗಿ 29 ಡಿಗ್ರಿಯ ಮಧ್ಯಾಹ್ನ ಇಲ್ಲಿನ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.05 ಕೆ.ಜಿ. ಮಾತ್ರ. ಇನ್ಸುಲೇಶನ್ ಇಲ್ಲದ ದಪ್ಪ ಚಿಮಣಿಯಲ್ಲಿ ಒಂದೇ ಬಾಯ್ಲರ್‌ನ ಹೊಗೆ ಏರುವಾಗ ಬುಡದಿಂದ ತುದಿಯವರೆಗಿನ ಸರಾಸರಿ ಉಷ್ಣತೆ 65 ಡಿಗ್ರಿ ಎಂದು ಹಿಡಿಯಿರಿ. ಆ ಹೊಗೆಯ ತೂಕ ಘನ ಮೀಟರಿಗೆ ಸುಮಾರು 0.94 ಕೆ.ಜಿ. ವ್ಯತ್ಯಾಸ 0.11, ಎತ್ತರ 24 ಮೀಟರ್. ಡ್ರಾಫ್ಟ್ ಹೆಚ್ಚೆಂದರೆ 26 ಪ್ಯಾಸ್ಕಲ್.

ಚಿಮಣಿ ಮೇಲಕ್ಕೆ 26ರಲ್ಲಿ ಎಳೆಯುತ್ತಿದೆ, ಡ್ರೈಯರ್‌ಗಳು ರೂಮಿನ ಕಡೆಗೆ 28ರಲ್ಲಿ ಎಳೆಯುತ್ತಿವೆ. ಗೆಲ್ಲುವುದು ಡ್ರೈಯರ್. ಓಡುತ್ತಿರುವ ಬಾಯ್ಲರ್‌ನ ಹೊಗೆಯನ್ನು ಅದರ ಬರ್ನರ್ ಫ್ಯಾನ್ ಹೆಡರ್‌ವರೆಗೆ ತಳ್ಳುತ್ತದೆ. ಅಲ್ಲಿಂದ ಮೇಲೆ ಹೋಗುವುದಕ್ಕಿಂತ ನಿಂತಿರುವ ಎರಡು ಬಾಯ್ಲರ್‌ಗಳ ಒಳಗೆ ಇಳಿದು, ಅವುಗಳ ಬರ್ನರ್ ಬಾಯಿಂದ ರೂಮಿಗೆ ಬರುವುದೇ ಸುಲಭದ ದಾರಿಯಾಗುತ್ತದೆ. ನಿಂತ ಬಾಯ್ಲರ್ ಚಿಮಣಿಗೆ ಬಿದ್ದ ತೂತಿನಂತೆ. ಅಲಾರಂ ಮಧ್ಯಾಹ್ನವೇ, ಅದೂ ಒಂದೇ ಬಾಯ್ಲರ್ ಓಡುವಾಗಲೇ ಹೊಡೆಯುವುದು ಇದಕ್ಕೇ. ಮೂರೂ ಓಡಿದರೆ ಚಿಮಣಿ ಚೆನ್ನಾಗಿ ಕಾದು ಡ್ರಾಫ್ಟ್ ಹೆಚ್ಚುತ್ತದೆ, ವಾಪಸ್ ಬರಲು ನಿಂತ ಬಾಯ್ಲರ್ ಕೂಡ ಇರುವುದಿಲ್ಲ.

ಇದನ್ನು ನೀವೇ ಖಾತ್ರಿ ಮಾಡಿಕೊಳ್ಳಬಹುದು. ಡ್ರೈಯರ್ ಓಡುವಾಗ ನಿಂತ ಬಾಯ್ಲರ್‌ನ ಬರ್ನರ್ ಗಾಳಿಬಾಯಿಯ ಹತ್ತಿರ ಉರಿಯುವ ಊದುಬತ್ತಿ ಹಿಡಿಯಿರಿ. ಹಿಡಿಯುವ ಮುಂಚೆ ಗ್ಯಾಸ್ ಡಿಟೆಕ್ಟರ್‌ನಲ್ಲಿ ಸೋರಿಕೆ ಇಲ್ಲವೆಂದು ನೋಡಿಕೊಂಡಿರಬೇಕು. ಹೊಗೆ ಒಳಕ್ಕೆ ಹೋದರೆ ಸರಿ, ಹೊರಕ್ಕೆ ಉಬ್ಬಿದರೆ ವಾಪಸ್ ಹರಿವು. ಲಾಂಡ್ರಿಯ ಬಾಗಿಲೂ ಸಾಕ್ಷಿ ಹೇಳುತ್ತದೆ. 28 ಪ್ಯಾಸ್ಕಲ್ ಎಂದರೆ ಸಾಧಾರಣ ಬಾಗಿಲಿನ ಮೇಲೆ ಆರು ಕೆ.ಜಿ.ಯಷ್ಟು ಒತ್ತು. ಕಾರಿಡಾರ್ ಬಾಗಿಲು ಎಳೆದಾಗ ಬಿಗಿಯಾಗಿದ್ದು, ಡ್ರೈಯರ್ ನಿಂತ ಕೂಡಲೇ ಸಲೀಸಾದರೆ ಬೇರೆ ಪುರಾವೆ ಬೇಕಿಲ್ಲ.

ಈಗ ಎಕ್ಸಾಸ್ಟ್ ಫ್ಯಾನ್ ಸಲಹೆ ಎಷ್ಟು ಅಪಾಯವೆಂದು ಕಾಣುತ್ತದೆ. ರೂಮು ಕಾಯುತ್ತದೆ, ಬಿಸಿಗಾಳಿ ಹೊರಗೆ ಹೋಗಲಿ ಎಂಬುದು ಅದರ ಹಿಂದಿನ ಯೋಚನೆ. ಆದರೆ ಒಳಬರುವ ದಾರಿ ಇಲ್ಲದ ರೂಮಿನಿಂದ ಗಾಳಿ ಹೊರಗೆಳೆದರೆ 28 ಇದ್ದದ್ದು 40 ಆಗುತ್ತದೆ. ಬಾಯ್ಲರ್ ರೂಮಿಗೆ ಫ್ಯಾನ್ ಹಾಕುವುದಾದರೆ ಅದು ಗಾಳಿ ಒಳಗೆ ತಳ್ಳುವ ಫ್ಯಾನ್ ಆಗಿರಬೇಕು. ಬರೀ ಹೊರಗೆಳೆಯುವ ಫ್ಯಾನ್ ಎಂದಿಗೂ ಬೇಡ.

ಗಾಳಿ ಎಷ್ಟು, ಎಲ್ಲಿಂದ

ಮೊದಲ ಕೆಲಸ ಲಾಂಡ್ರಿ ಗ್ರಿಲ್ಲನ್ನು ಇಟ್ಟಿಗೆ ಹಾಕಿ ಮುಚ್ಚುವುದು. ಹೊರಗಿನ ದಾರಿ ಸಿದ್ಧವಾದ ಮೇಲೆ ಮುಚ್ಚಬೇಕು, ಮುಂಚೆ ಅಲ್ಲ. ಲಾಂಡ್ರಿಯಿಂದ ಗಾಳಿ ತೆಗೆದುಕೊಳ್ಳುವುದು ಒತ್ತಡದ ಕಾರಣಕ್ಕಷ್ಟೇ ತಪ್ಪಲ್ಲ. ಬಟ್ಟೆಯ ನಾರು ಬರ್ನರ್ ಫ್ಯಾನಿನ ರೆಕ್ಕೆಗಳಿಗೆ ಅಂಟಿ ಗಾಳಿ ಕಡಿಮೆ ಮಾಡುತ್ತದೆ. ಬ್ಲೀಚಿನ ಕ್ಲೋರಿನ್ ಆವಿ ಜ್ವಾಲೆಯಲ್ಲಿ ಆಮ್ಲವಾಗಿ ಬಾಯ್ಲರ್ ಟ್ಯೂಬನ್ನೂ ಸ್ಟೇನ್‌ಲೆಸ್ ಚಿಮಣಿಯನ್ನೂ ತಿನ್ನುತ್ತದೆ. ಬೇಸ್‌ಮೆಂಟಿನ ಬಾಯ್ಲರ್ ರೂಮಿಗೆ ತಾಜಾ ಗಾಳಿಯ ದಾರಿ ನೇರವಾಗಿ ಹೊರಗಿನಿಂದಲೇ ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಹೇಳುತ್ತದೆ.

ಲೆಕ್ಕ ಹೀಗಿದೆ. 3 ಲಕ್ಷ ಕಿಲೊಕ್ಯಾಲರಿ ಎಂದರೆ ಸುಮಾರು 350 ಕಿಲೊವ್ಯಾಟ್, ಮೂರಕ್ಕೆ 1050. ಒಂದೊಂದು ಬರ್ನರ್ ಗಂಟೆಗೆ ಸುಮಾರು 36 ಘನ ಮೀಟರ್ ಗ್ಯಾಸ್ ಸುಡುತ್ತದೆ. ಒಂದು ಘನ ಮೀಟರ್ ಗ್ಯಾಸಿಗೆ, 25 ಶೇಕಡಾ ಹೆಚ್ಚುವರಿ ಸೇರಿ, 12 ಘನ ಮೀಟರ್ ಗಾಳಿ ಬೇಕು. ಮೂರಕ್ಕೂ ಸೇರಿ ಗಂಟೆಗೆ 1300 ಆಯಿತು. ಇದು ಸಮುದ್ರಮಟ್ಟದ ಲೆಕ್ಕ. ನಮ್ಮ ಊರಿನ ತೆಳು ಗಾಳಿಯಲ್ಲಿ, 30 ಡಿಗ್ರಿ ಸೆಕೆಯಲ್ಲಿ, ಅಷ್ಟೇ ಆಮ್ಲಜನಕಕ್ಕೆ 1500 ಘನ ಮೀಟರ್ ದಾಟುತ್ತದೆ. ಬರ್ನರ್ ಫ್ಯಾನಿಗೂ ಇದೇ ಪಾಡು. ಅದು ತಳ್ಳುವ ಗಾಳಿಯ ಗಾತ್ರ ಅಷ್ಟೇ ಇದ್ದರೂ ತೂಕ ಸುಮಾರು 15 ಶೇಕಡಾ ಕಡಿಮೆ. ಹಾಗಾಗಿ ನೇಮ್‌ಪ್ಲೇಟ್ ಗರಿಷ್ಠಕ್ಕೆ ಗ್ಯಾಸ್ ತಿರುಗಿಸಿದರೆ ಇಲ್ಲಿ ಸಿಒ ಬರುತ್ತದೆ. ಚಿಮಣಿ ಸರಿಯಿದ್ದರೂ ಬರುತ್ತದೆ.

ಸಹಜ ಗಾಳಿಗೆ ಬ್ರಿಟಿಷ್ ಪದ್ಧತಿಯ ಲೆಕ್ಕ ಬಳಸುವುದು ರೂಢಿ: ಪ್ರತಿ ಕಿಲೊವ್ಯಾಟಿಗೆ ಕೆಳಗೆ 4 ಚದರ ಸೆಂ.ಮೀ., ಮೇಲೆ 2 ಚದರ ಸೆಂ.ಮೀ. ನಿಮಗೆ ಕೆಳಗೆ 0.42 ಚದರ ಮೀಟರ್, ಮೇಲೆ 0.21. ಎಲ್ಲರೂ ಎಡವುವುದು ಇಲ್ಲಿಯೇ: ಇದು ಗಾಳಿ ನಿಜವಾಗಿ ನುಗ್ಗುವ ಜಾಗದ ಲೆಕ್ಕ, ಗೋಡೆಯ ತೂತಿನ ಲೆಕ್ಕವಲ್ಲ. ಲೂವರ್‌ನ ಪಟ್ಟಿಗಳು ಅರ್ಧ ಜಾಗ ತಿಂದರೆ ಕೆಳಗಿನ ತೂತು 0.84 ಚದರ ಮೀಟರ್ ಇರಬೇಕು. ಅದರ ಹಿಂದೆ ಸೊಳ್ಳೆ ಜಾಲರಿ ಬಡಿದರೆ ಆರು ತಿಂಗಳಲ್ಲಿ ಧೂಳು ಹಿಡಿದು ಗೋಡೆಯೇ ಆಗುತ್ತದೆ. ಹೆಗ್ಗಣ, ಹಕ್ಕಿ ತಡೆಯುವಷ್ಟು ದೊಡ್ಡ ಕಣ್ಣಿನ ಜಾಲರಿ ಸಾಕು.

ಬೇಸ್‌ಮೆಂಟಿನಲ್ಲಿ ಇಷ್ಟು ದೊಡ್ಡ ತೂತು ಸಿಗುವುದು ಕಷ್ಟ, ಸೆಟ್‌ಬ್ಯಾಕ್ ಕಡೆಯ ಗೋಡೆ ಇದ್ದರೂ. ಆದ್ದರಿಂದ ನಿಮಗೆ ನನ್ನ ಸಲಹೆ ಸಪ್ಲೈ ಫ್ಯಾನ್. ಅಮೆರಿಕದ ಗ್ಯಾಸ್ ಕೋಡ್‌ನ ಕನಿಷ್ಠ ಲೆಕ್ಕದಲ್ಲಿ ಕಿಲೊವ್ಯಾಟಿಗೆ ಗಂಟೆಗೆ ಸುಮಾರು 2 ಘನ ಮೀಟರ್, ಅಂದರೆ 2100. ಮುಂದೆ ಹೇಳುವ ಡ್ಯಾಂಪರ್‌ಗಳು ಎಳೆಯುವ ಗಾಳಿಯನ್ನೂ ರೂಮಿನ ಸೆಕೆಯನ್ನೂ ಸೇರಿಸಿ 3000ಕ್ಕೆ ಹೋಗಿ. 450 × 450 ಎಂಎಂ ಡಕ್ಟಿನಲ್ಲಿ ಗಾಳಿ ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಲ್ಲಿ ಬರುತ್ತದೆ, ಗದ್ದಲವಿರುವುದಿಲ್ಲ. ಡಕ್ಟ್ ಬಾಯಿ ನೆಲದ ಹತ್ತಿರ ಬಿಡಿ, ಬರ್ನರ್ ಮುಖಕ್ಕೆ ನೇರ ಬೇಡ. ಮೇಲಿನ 0.21 ಚದರ ಮೀಟರ್ ಕಿಂಡಿ ಹೊರಗೆ ತೆರೆದೇ ಇರಲಿ. ಹೆಚ್ಚಾದ ಗಾಳಿ ಅಲ್ಲಿಂದ ಹೋಗುತ್ತದೆ. ಒಳಗೆಳೆಯುವ ಬಾಯಿ ಡಿಜಿ ಸೆಟ್ ಹೊಗೆಯಿಂದಲೂ ಡ್ರೈಯರ್ ಎಕ್ಸಾಸ್ಟಿನಿಂದಲೂ ದೂರವಿರಬೇಕು.

ಫ್ಯಾನಿಗೆ ಏರ್‌ಫ್ಲೋ ಸ್ವಿಚ್ ಹಾಕಿ ಮೂರೂ ಬರ್ನರ್‌ಗಳ ಸೇಫ್ಟಿ ಸರ್ಕ್ಯೂಟಿಗೆ ಸೇರಿಸಿ. ಮೋಟರ್‌ಗೆ ಕರೆಂಟ್ ಬಂದಿದೆ ಎಂಬ ಸಿಗ್ನಲ್ ಸಾಲದು. ಬೆಲ್ಟ್ ಹರಿದ ಫ್ಯಾನಿನ ಮೋಟರ್ ಕೂಡ ಚೆನ್ನಾಗಿಯೇ ತಿರುಗುತ್ತದೆ.

ದೊಡ್ಡ ಚಿಮಣಿ ಒಳ್ಳೆಯದು ಎಂಬ ನಂಬಿಕೆ

ಒಂದು ಬಾಯ್ಲರ್ ಪೂರ್ತಿ ಓಡಿದರೆ 160 ಡಿಗ್ರಿಯಲ್ಲಿ ಹೊಗೆ ಸೆಕೆಂಡಿಗೆ ಸುಮಾರು 0.22 ಘನ ಮೀಟರ್. 600 ಎಂಎಂ ಕೊಳವೆಯಲ್ಲಿ ಅದರ ವೇಗ ಸೆಕೆಂಡಿಗೆ 0.8 ಮೀಟರ್ ಕೂಡ ಆಗುವುದಿಲ್ಲ. ಮೇಲೆ ತಲುಪುವಷ್ಟರಲ್ಲಿ ಅರ್ಧ ನಿಮಿಷ, ಅಷ್ಟೂ ಹೊತ್ತು ತಣ್ಣನೆಯ ತಗಡಿಗೆ ಶಾಖ ಕೊಡುತ್ತಾ ಹೋಗುತ್ತದೆ. 750 ಎಂಎಂ ಮಾಡಿದರೆ ವೇಗ ಅರ್ಧ ಮೀಟರಿಗೆ ಇಳಿಯುತ್ತದೆ, ಹೊಗೆ ಇನ್ನೂ ತಣ್ಣಗಾಗುತ್ತದೆ, ಡ್ರಾಫ್ಟ್ 26ಕ್ಕಿಂತಲೂ ಕೆಳಗೆ ಬೀಳುತ್ತದೆ.

ಹೆಡರ್‌ನಿಂದ ತೊಟ್ಟಿಕ್ಕುವ ನೀರಿನ ಮೂಲವೂ ಇದೇ. ಹಲವರು ಟ್ಯೂಬ್ ಲೀಕ್ ಎಂದು ಬಾಯ್ಲರ್ ಬಿಚ್ಚಿಸುತ್ತಾರೆ. ಒಂದು ಘನ ಮೀಟರ್ ನೈಸರ್ಗಿಕ ಅನಿಲ ಸುಟ್ಟರೆ ಸುಮಾರು 1.6 ಕೆ.ಜಿ. ನೀರಿನ ಆವಿ ಹುಟ್ಟುತ್ತದೆ. ಒಂದೇ ಬಾಯ್ಲರ್‌ನಿಂದ ಗಂಟೆಗೆ 58 ಕೆ.ಜಿ. ಆಯಿತು. ಈ ಹೊಗೆಯ ಇಬ್ಬನಿ ಬಿಂದು, ಅಂದರೆ ಆವಿ ನೀರಾಗತೊಡಗುವ ಉಷ್ಣತೆ, 52 ಡಿಗ್ರಿ ಆಸುಪಾಸು. ರಾತ್ರಿ ಹೊರಗೆ 20 ಡಿಗ್ರಿ ಇರುವಾಗ ಬರೀ ತಗಡಿನ ಒಳಮೈ ಅದಕ್ಕಿಂತ ಕೆಳಗೆ ಹೋಗುತ್ತದೆ. ಆವಿಯ ಹತ್ತನೇ ಒಂದು ಪಾಲು ನೀರಾದರೂ ಗಂಟೆಗೆ ಸುಮಾರು 6 ಲೀಟರ್, ಅದೂ ಎಂಎಸ್ ತಿನ್ನುವ ಹುಳಿ ನೀರು. ಹೆಡರ್ ಚಿಮಣಿ ಕಡೆಗೆ ಏರದೆ ಸಮತಟ್ಟಾಗಿದ್ದರೆ ಆ ನೀರು ಹಿಂದಕ್ಕೆ ಬಂದು ಕೀಲುಗಳಲ್ಲಿ ಸೋರುತ್ತದೆ.

ಸರಿಯಾದ ಅಳತೆ ಯಾವುದು? ಮೂರೂ ಓಡಿದಾಗ ಸೆಕೆಂಡಿಗೆ 0.65 ಘನ ಮೀಟರ್ ಹೊಗೆ. 350 ಎಂಎಂ ಆದರೆ ವೇಗ 6.8 ಮೀಟರ್; ತಿಕ್ಕಾಟ, ಬೆಂಡು, ಟೀ, ತುದಿ ಎಲ್ಲ ಸೇರಿ ಸುಮಾರು 100 ಪ್ಯಾಸ್ಕಲ್ ನಷ್ಟ. ನಿಮ್ಮ 24 ಮೀಟರ್ ಚಿಮಣಿ ಅಷ್ಟು ಡ್ರಾಫ್ಟ್ ಕೊಡಲಾರದು, ಮೂರನೇ ಬಾಯ್ಲರ್ ಹೊತ್ತಿದ ಕೂಡಲೇ ಹೆಡರ್ ಉಬ್ಬುತ್ತದೆ. 400ರಲ್ಲಿ ನಷ್ಟ 55ರ ಸುತ್ತ. ಏಪ್ರಿಲ್ ಮಧ್ಯಾಹ್ನಕ್ಕೆ ತೀರಾ ಬಿಗಿ. 450 ಎಂಎಂನಲ್ಲಿ ವೇಗ 4 ಮೀಟರ್, ನಷ್ಟ ಸುಮಾರು 34. ಇನ್ಸುಲೇಶನ್‌ನಿಂದ ಸರಾಸರಿ 150 ಡಿಗ್ರಿ ಉಳಿದರೆ 34 ಡಿಗ್ರಿಯ ಬೇಸಿಗೆ ಮಧ್ಯಾಹ್ನದಲ್ಲೂ ಡ್ರಾಫ್ಟ್ 66 ಸಿಗುತ್ತದೆ, ನಷ್ಟ ಕಳೆದು 32 ಉಳಿಯುತ್ತದೆ. ನಿಮಗೆ ಇದೇ ಅಳತೆ.

ಇರುವ ಚಿಮಣಿ ಕೆಡವಬೇಕಿಲ್ಲ. 600ರ ಒಳಗೆ 450 ಎಂಎಂನ 316ಎಲ್ ಸ್ಟೇನ್‌ಲೆಸ್ ಲೈನರ್, ಸುತ್ತ 50 ಎಂಎಂ ರಾಕ್‌ವೂಲ್. ಹೊರವ್ಯಾಸ 550, ಹಳೆಯ ಕೊಳವೆಯೊಳಗೆ ಇಳಿಯುತ್ತದೆ. ಹಳೆಯದರ ವೆಲ್ಡಿಂಗ್ ಒಳಗೆ ಚಾಚಿಕೊಂಡಿದೆಯೇ ಎಂದು ಮೊದಲೇ ಕ್ಯಾಮೆರಾ ಇಳಿಸಿ ನೋಡಿ, ಕೊಳವೆ ತುಕ್ಕು ಹಿಡಿದು ತೆಳುವಾಗಿಲ್ಲವೇ ಎಂದೂ ಅಳೆಸಿ. ಬುಡದಲ್ಲಿ ಡ್ರೈನ್, ಅದಕ್ಕೆ ನೀರು ನಿಲ್ಲುವ ಟ್ರ್ಯಾಪ್. ಹೆಡರ್ ಕೂಡ 450. ಮೀಟರಿಗೆ 20 ಎಂಎಂನಂತೆ ಚಿಮಣಿ ಕಡೆಗೆ ಏರಲಿ. ಪ್ರತಿ ಬಾಯ್ಲರ್‌ನ ಕೊಳವೆ ಹೆಡರ್‌ಗೆ 45 ಡಿಗ್ರಿ ಓರೆಯಾಗಿ, ಹೊಗೆ ಹೋಗುವ ದಿಕ್ಕಿಗೆ ಮುಖ ಮಾಡಿ ಸೇರಬೇಕು. ಎದುರುಬದುರು ಎರಡು ಕೊಳವೆ ಸೇರಿಸಿದರೆ ಒಂದರ ಹೊಗೆ ಇನ್ನೊಂದನ್ನು ತಡೆಯುತ್ತದೆ. ತುದಿಯ ಟೋಪಿ ಕೊಳವೆಬಾಯಿಗೆ ಅಂಟಿದಂತೆ ತಗ್ಗಾಗಿದ್ದರೆ ನನ್ನ ನಷ್ಟದ ಲೆಕ್ಕವೆಲ್ಲ ತಲೆಕೆಳಗು. ಇನ್ನು, ಮಾಲಿನ್ಯ ಮಂಡಳಿ ಕೇಳುವ ಚಿಮಣಿ ಎತ್ತರ ಹೊಗೆ ಚದುರಲಿ ಎಂಬ ಲೆಕ್ಕದ್ದು. ಅದು ಸರಿಯಿದ್ದ ಮಾತ್ರಕ್ಕೆ ಡ್ರಾಫ್ಟ್ ಸರಿಯಿದೆ ಎಂದಲ್ಲ.

ಈಗ ಡ್ರಾಫ್ಟ್ ಹೆಚ್ಚಾಯಿತು, ಅದಕ್ಕೇನು?

ಲೈನರ್ ಹಾಕಿದ ಮೇಲೆ ಸಮಸ್ಯೆ ತಿರುಗಿ ನಿಲ್ಲುತ್ತದೆ. ತಂಪಾದ ರಾತ್ರಿ ಒಂದೇ ಬಾಯ್ಲರ್ ಓಡುವಾಗ ಹೊಗೆ ಕಡಿಮೆ, ನಷ್ಟ ಅತ್ಯಲ್ಪ, ಚಿಮಣಿ ಬಿಸಿ. ಹೊಗೆಬಾಯಲ್ಲಿ ಡ್ರಾಫ್ಟ್ 60ರ ಹತ್ತಿರ ಹೋಗುತ್ತದೆ. ನಿಮ್ಮ ಕೈಪಿಡಿಯ ಮಿತಿ 20. ಮಿತಿ ಮೀರಿದರೆ ಜ್ವಾಲೆ ಬರ್ನರ್ ತಲೆಯಿಂದ ಎದ್ದು ನಿಲ್ಲುತ್ತದೆ, ಹೊತ್ತುವಾಗ ಲಾಕ್‌ಔಟ್ ಆಗುತ್ತದೆ, ಶಾಖ ಚಿಮಣಿಯಲ್ಲಿ ಹಾರಿಹೋಗುತ್ತದೆ. ಕೈಯಲ್ಲಿ ತಿರುಗಿಸಿ ನಟ್ ಬಿಗಿಯುವ ಡ್ಯಾಂಪರ್ ಇಲ್ಲಿ ಕೆಲಸಕ್ಕೆ ಬಾರದು. ಒಂದು ಬಾಯ್ಲರ್‌ಗೆ ಹೊಂದಿಸಿದ್ದು ಮೂರಕ್ಕೆ ಉಸಿರುಗಟ್ಟಿಸುತ್ತದೆ.

ಎರಡು ದಾರಿ ಇವೆ. ಒಂದು, ಪ್ರತಿ ಬಾಯ್ಲರ್‌ಗೆ ಬ್ಯಾರೊಮೆಟ್ರಿಕ್ ಡ್ಯಾಂಪರ್: ತೂಕ ಕಟ್ಟಿದ ತೂಗುಬಾಗಿಲು, ಡ್ರಾಫ್ಟ್ ಹೆಚ್ಚಾದಾಗ ತಾನೇ ತೆರೆದು ರೂಮಿನ ಗಾಳಿಯನ್ನು ಕೊಳವೆಗೆ ಬಿಡುತ್ತದೆ. ಗ್ಯಾಸಿಗೆ ಎರಡೂ ಕಡೆ ತೂಗುವ ಮಾದರಿ ಬೇಕು, ಜೊತೆಗೆ ಹೊಗೆ ಹೊರಚೆಲ್ಲಿದರೆ ಬರ್ನರ್ ನಿಲ್ಲಿಸುವ ಸ್ಪಿಲ್ ಸ್ವಿಚ್. ಅಗ್ಗ, ಕರೆಂಟ್ ಬೇಡ. ಆದರೆ 60 ಅನ್ನು 15ಕ್ಕೆ ಇಳಿಸಲು ಅದು ಹೊಗೆಯ ಒಂದೂವರೆ ಪಟ್ಟು ಗಾಳಿ ಎಳೆಯಬೇಕಾಗುತ್ತದೆ. ಸಪ್ಲೈ ಫ್ಯಾನಿಗೆ 3000 ಎಂದದ್ದು ಇದಕ್ಕೂ ಸೇರಿ. ಚಿಮಣಿ 70 ಡಿಗ್ರಿ ಆಸುಪಾಸಿಗೆ ತಣ್ಣಗಾಗುತ್ತದೆ. ಆದರೆ ಗಾಳಿ ಬೆರೆತ ಹೊಗೆಯ ಇಬ್ಬನಿ ಬಿಂದುವೂ 35ರ ಹತ್ತಿರಕ್ಕೆ ಇಳಿಯುವುದರಿಂದ ಇನ್ಸುಲೇಶನ್ ಇರುವವರೆಗೆ ನೀರಾಗುವುದಿಲ್ಲ.

ಇನ್ನೊಂದು, ಚಿಮಣಿ ತುದಿಯಲ್ಲಿ ವೇಗ ಬದಲಿಸುವ ಫ್ಯಾನ್ ಅಥವಾ ಹೆಡರ್‌ನಲ್ಲಿ ಮೋಟರ್ ಡ್ಯಾಂಪರ್, ಹೆಡರ್ ಒತ್ತಡ ನೋಡಿಕೊಂಡು ನಡೆಯುವಂಥದ್ದು. ನಿಖರ, ದುಬಾರಿ. ಚಿಮಣಿ ಗಿಡ್ಡವಾಗಿದ್ದರೆ ಅಥವಾ ಪಕ್ಕದಲ್ಲಿ ಎತ್ತರದ ಕಟ್ಟಡವೆದ್ದು ಗಾಳಿ ಕೆಳಕ್ಕೆ ಬಡಿಯುತ್ತಿದ್ದರೆ ಫ್ಯಾನೇ ಗತಿ. ನಿಮ್ಮ ಕಾಂಟ್ರಾಕ್ಟರ್ ಹೇಳಿದಂತೆ ಬುಡದಲ್ಲಿ ಮಾತ್ರ ಬೇಡ. ಬುಡದಿಂದ ತಳ್ಳಿದರೆ ಫ್ಯಾನಿನ ಮೇಲಿನ ಕೊಳವೆಯಲ್ಲಿ ಹೊರಗಿಗಿಂತ ಹೆಚ್ಚು ಒತ್ತಡ ನಿಂತು, ಒಂದು ಕೀಲು ಸಡಿಲವಾದರೂ ಹೊಗೆ ಶಾಫ್ಟಿಗೆ, ಅಲ್ಲಿಂದ ಅತಿಥಿಗಳ ಕೋಣೆಗೆ ಹೋಗುತ್ತದೆ. ತುದಿಯಿಂದ ಎಳೆದರೆ ಸೋರುವುದು ಒಳಕ್ಕೆ.

ನಿಮ್ಮ 24 ಮೀಟರಿಗೆ ಫ್ಯಾನ್ ಅನವಶ್ಯ. ಪ್ರತಿ ಬಾಯ್ಲರ್‌ಗೆ ಒಂದು ಬ್ಯಾರೊಮೆಟ್ರಿಕ್, ಅದರ ನಂತರ ಹೆಡರ್ ಸೇರುವ ಮೊದಲು ತೆರೆ-ಮುಚ್ಚುವ ಒಂದು ಮೋಟರ್ ಡ್ಯಾಂಪರ್ ಸಾಕು. ಬಾಯ್ಲರ್ ನಿಂತರೆ ಮೋಟರ್ ಡ್ಯಾಂಪರ್ ಮುಚ್ಚಿ ಆ ತೂತನ್ನು ಕಟ್ಟುತ್ತದೆ. ಡ್ಯಾಂಪರ್‌ನ ಎಲೆ ಪೂರ್ತಿ ತೆರೆದದ್ದನ್ನು ಎಂಡ್ ಸ್ವಿಚ್ ತೋರಿಸದೆ ಹೊತ್ತುವ ಮುನ್ನ ಬರ್ನರ್ ಗಾಳಿ ಊದಿ ಒಳಗನ್ನು ತೆರವು ಮಾಡುವ ಪರ್ಜ್ ಕೂಡ ಶುರುವಾಗಬಾರದು. ಸ್ವಿಚ್ ಎಲೆಯ ಶಾಫ್ಟಿಗೇ ಕೂತಿರಬೇಕು, ಮೋಟರಿಗಲ್ಲ. ಲಿಂಕ್ ಕಳಚಿದರೆ ಮೋಟರ್ ತಿರುಗುತ್ತದೆ, ಎಲೆ ಮುಚ್ಚಿಯೇ ಇರುತ್ತದೆ.

ಬೆಳಗಿನ ಧಬ್ ಶಬ್ದ ಇದರಿಂದ ಬಹುತೇಕ ಹೋಗಬೇಕು. ತಣ್ಣಗಿನ ಚಿಮಣಿಯಲ್ಲಿ ಡ್ರಾಫ್ಟ್ ಇರುವುದಿಲ್ಲ, ಆ ಹೊತ್ತಿಗೆ ಲಾಂಡ್ರಿ ಕಡೆ ಏನಾದರೂ ಓಡುತ್ತಿದ್ದರೆ ಗಾಳಿ ಚಿಮಣಿಯಿಂದ ಕೆಳಗೆ ಇಳಿಯುತ್ತಿರುತ್ತದೆ, ಮೊದಲ ಜ್ವಾಲೆ ಅದರ ಎದುರಿಗೆ ಹೊತ್ತಬೇಕು. ಹಾಗೆಂದು ಅದನ್ನು ಪೂರ್ತಿ ಚಿಮಣಿಯ ತಲೆಗೆ ಕಟ್ಟಬೇಡಿ. ಗ್ಯಾಸ್ ವಾಲ್ವ್ ಸೋರುವುದು, ಎಲೆಕ್ಟ್ರೋಡ್ ಅಂತರ ತಪ್ಪುವುದು ಕೂಡ ಇದೇ ಶಬ್ದ ಮಾಡುತ್ತವೆ. ವಾಲ್ವ್ ಟೈಟ್‌ನೆಸ್ ಪರೀಕ್ಷೆ ಈ ವಾರವೇ ಮಾಡಿಸಿ, ಉಳಿದದ್ದಕ್ಕೆ ಕಾಯಬೇಡಿ.

ಕೆಲಸ ಮುಗಿದ ಮೇಲೆ ಬಿಲ್ ಕೊಡುವ ಮುನ್ನ ಎದುರಿಗೆ ನಿಂತು ಅಳೆಸಿ. ಫ್ಲೂ ಗ್ಯಾಸ್ ಅನಲೈಸರ್‌ನ ಕಡ್ಡಿ ಬಾಯ್ಲರ್‌ಗೂ ಬ್ಯಾರೊಮೆಟ್ರಿಕ್‌ಗೂ ನಡುವಿನ ತೂತಿನಲ್ಲಿ ಹೋಗಬೇಕು. ಅದರ ಆಚೆ ಇಟ್ಟರೆ ಬೆರೆತ ಗಾಳಿಯಿಂದ ಆಮ್ಲಜನಕ ಹೆಚ್ಚು, ಸಿಒ ಕಡಿಮೆ ಕಾಣುತ್ತದೆ, ಕೆಟ್ಟ ಬರ್ನರ್ ಕೂಡ ಪಾಸಾಗುತ್ತದೆ. ಆಮ್ಲಜನಕ 4ರಿಂದ 5 ಶೇಕಡಾ, ಸಿಒ 100 ಪಿಪಿಎಂ ಒಳಗೆ, ಡ್ರಾಫ್ಟ್ 10ರಿಂದ 15 ಪ್ಯಾಸ್ಕಲ್ ಬರಬೇಕು. ಈ ಅಂಕಿಗಳನ್ನು ಎರಡು ಸಲ ಬರೆದುಕೊಳ್ಳಿ: ಮೂರೂ ಪೂರ್ತಿ ಉರಿಯುವ ಬಿಸಿ ಮಧ್ಯಾಹ್ನ ಒಮ್ಮೆ, ಒಂದೇ ಓಡುವ ತಂಪು ಮುಂಜಾನೆ ಇನ್ನೊಮ್ಮೆ. ಎರಡು ಸಲವೂ ಬಾಗಿಲೆಲ್ಲ ಮುಚ್ಚಿರಲಿ, ಡ್ರೈಯರ್‌ಗಳೆಲ್ಲ ಓಡುತ್ತಿರಲಿ, ಅಡುಗೆಮನೆಯ ಎಕ್ಸಾಸ್ಟ್ ಕೂಡ. ಆಗ ರೂಮಿನ ಒತ್ತಡ ಹೊರಗಿಗಿಂತ ಎರಡು-ಮೂರು ಪ್ಯಾಸ್ಕಲ್‌ಗಿಂತ ಹೆಚ್ಚು ಕೆಳಗಿದ್ದರೆ ಲಾಂಡ್ರಿ ಕಡೆಯ ಗೋಡೆಯಲ್ಲಿ ಪೈಪು, ಕೇಬಲ್ ಹಾದ ತೂತು ಇನ್ನೂ ಎಲ್ಲೋ ಮುಚ್ಚದೆ ಉಳಿದಿದೆ. ಕೊನೆಗೆ ಸಪ್ಲೈ ಫ್ಯಾನಿನ ಬೆಲ್ಟನ್ನು ಬೇಕೆಂದೇ ಕಳಚಿ ಫ್ಯಾನ್ ಚಾಲೂ ಮಾಡಿಸಿ. ಮೂರೂ ಬರ್ನರ್ ತಾವೇ ನಿಲ್ಲಬೇಕು. ನಿಲ್ಲದಿದ್ದರೆ ಇಂಟರ್‌ಲಾಕ್ ವೈರಿಂಗ್ ಸರಿಪಡಿಸುವವರೆಗೆ ಸಹಿ ಹಾಕಬೇಡಿ.